ಕೊನೆಯ ಟ್ಯೂಬ್ ಯಾವಾಗ ಹಾಕಿದ್ದು? ಕೊಪ್ಪಳ ತಾಲ್ಲೂಕಿನ ಒಂದು ಹಾಲಿನ ಪ್ರಕರಣ

ಫೆಬ್ರುವರಿ 9, ಭಾನುವಾರ ಬೆಳಿಗ್ಗೆ. ಊರ ಹಾಲಿನ ಡೇರಿಯ ಬಲ್ಕ್ ಕೂಲರ್‌ನಲ್ಲಿ 600 ಲೀಟರ್ ಹಾಲು ತುಂಬಿದೆ. ಟ್ಯಾಂಕರ್‌ಗೆ ಏರಿಸುವ ಮುಂಚೆ ಒಂದು ಚಮಚದಷ್ಟು ಹಾಲು ತೆಗೆದು ಆಂಟಿಬಯೋಟಿಕ್ ಪಟ್ಟಿಯನ್ನು ಅದ್ದಿ ನೋಡುತ್ತಾರೆ. ಪಟ್ಟಿಯ ಮೇಲೆ ಎರಡು ಗೆರೆ ಮೂಡಬೇಕು. ಒಂದು, ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ಹೇಳುವ ಗೆರೆ. ಇನ್ನೊಂದು, ಪೆನಿಸಿಲಿನ್ ಗುಂಪಿನ ಔಷಧವನ್ನು ಹುಡುಕುವ ಗೆರೆ. ಇಲ್ಲಿ ಹೊಸಬರು ಮೋಸ ಹೋಗುವುದುಂಟು: ಗೆರೆ ಮೂಡಿದರೆ ಔಷಧ ಇದೆ ಎಂದಲ್ಲ, ಗೆರೆ ಮಾಸಿದರೆ ಅಥವಾ ಮೂಡದೇ ಹೋದರೆ ಔಷಧ ಇದೆ ಎಂದು ಅರ್ಥ. ಅವತ್ತು ಎರಡನೇ ಗೆರೆ ಕಾಣಲೇ ಇಲ್ಲ. ಇನ್ನೊಂದು ಪಟ್ಟಿಯಲ್ಲೂ ಅದೇ ಕಥೆ. 600 ಲೀಟರ್ ಹಾಲು ಅಲ್ಲಿಗೇ ನಿಂತಿತು.

ಈ ಪ್ರಕರಣದ ಊರು, ಮನೆ, ತಾರೀಖುಗಳನ್ನು ಕಲಿಕೆಗಾಗಿ ಜೋಡಿಸಿದೆ. ಆದರೆ ಒಳಗಿನ ಒಂದೊಂದು ತಪ್ಪೂ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಹಟ್ಟಿಗಳಲ್ಲಿ ದಿನವೂ ಆಗುವಂಥದ್ದು. ಕೆಳಗೆ ಬರುವ ದಿನಗಳ ಲೆಕ್ಕ ಈ ಪ್ರಕರಣದಲ್ಲಿ ಬಳಸಿದ ಪೊಟ್ಟಣದ ಲೆಕ್ಕ. ನಿಮ್ಮ ಕೈಯಲ್ಲಿರುವ ಪೊಟ್ಟಣದ ಮೇಲೆ ಬೇರೆ ಅಂಕಿ ಇದ್ದರೆ ನಿಮಗೆ ಅದೇ ಲೆಕ್ಕ.

ಯಾರ ಹಾಲು?

ಅವತ್ತು ಬೆಳಿಗ್ಗೆ ಹಾಲು ಹಾಕಿದವರು 40 ಮಂದಿ. ಫ್ಯಾಟ್ ನೋಡಲು ತೆಗೆದಿಟ್ಟಿದ್ದ ಒಬ್ಬೊಬ್ಬರ ಸ್ಯಾಂಪಲ್ ಇನ್ನೂ ಇತ್ತು. ನಲವತ್ತಕ್ಕೂ ಒಂದೊಂದು ಪಟ್ಟಿ ಹಾಕಿದರೆ ಪಟ್ಟಿಯ ಖರ್ಚೇ ಹಾಲಿನ ಲಾಭವನ್ನು ನುಂಗುತ್ತದೆ. ಹಾಗಾಗಿ ಐದೈದು ಸ್ಯಾಂಪಲ್‌ಗಳನ್ನು ಸಮನಾಗಿ ಬೆರೆಸಿ ಎಂಟು ಗುಂಪು ಮಾಡಿದರು. ಏಳು ಗುಂಪು ಪಾಸಾದವು, ಒಂದು ಫೇಲಾಯಿತು. ಆ ಗುಂಪಿನ ಐವರನ್ನು ಬಿಡಿಬಿಡಿಯಾಗಿ ನೋಡಿದಾಗ ಒಂದು ಮನೆಯ ಹಾಲು ಸಿಕ್ಕಿತು. ಒಟ್ಟು 13 ಪಟ್ಟಿಯಲ್ಲಿ ಕೆಲಸ ಮುಗಿಯಿತು.

ಐದು ಹಾಲು ಬೆರೆಸಿದರೆ ಔಷಧ ತೆಳುವಾಗಿ ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಇಂಥ ಸಂದರ್ಭದಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ಆ ಮನೆಯವರು ಹಾಕಿದ್ದು 4 ಲೀಟರ್. ಅದು 600 ಲೀಟರ್‌ನಲ್ಲಿ 150 ಪಟ್ಟು ತೆಳುವಾದ ಮೇಲೂ ಪಟ್ಟಿಗೆ ಸಿಕ್ಕಿದೆ. ಐದು ಪಟ್ಟು ತೆಳುವಾದರೆ ಸಿಗದೇ ಇರುತ್ತದೆಯೇ?

ಕಾರ್ಯದರ್ಶಿ ಮನೆಗೇ ಹೋಗಿ ಕೇಳಿದರು. "ನಿಮ್ಮನ್ಯಾಗ ಆಕಳಿಗೆ ಏನರ ಔಷಧ ಹಾಕೀರೇನ್ರಿ?"

"ಹಾಕೇವ್ರಿ, ಸುಳ್ಳ್ಯಾಕ ಹೇಳ್ಲಿ. ಕೆಚ್ಚಲು ಬಾವು ಆಗಿತ್ತು. ಡಾಕ್ಟ್ರು ಮೂರು ದಿನ ಹಾಲು ಹಾಕಬ್ಯಾಡ್ರಿ ಅಂದಿದ್ರು, ಹಾಕಿಲ್ಲ. ಶನಿವಾರ ಸಂಜಿಗೆ ಮೂರು ದಿನ ಮುಗೀತು."

"ಡಾಕ್ಟ್ರು ಹೋದ್ಮ್ಯಾಲೆ ಮತ್ತೇನರ ಹಾಕ್ಸೀರಿ?"

ಯಜಮಾನರು ಸ್ವಲ್ಪ ತಡೆದು ಹೇಳಿದರು: "ಅದಽ ಟ್ಯೂಬು, ಇನ್ನೆರಡು ಹಾಕ್ಸೇವ್ರಿ."

ಇಡೀ ಪ್ರಕರಣ ಆ ಎರಡು ಟ್ಯೂಬಿನಲ್ಲಿದೆ.

ನಡೆದದ್ದು

ಎಚ್‌ಎಫ್ ಮಿಶ್ರತಳಿಯ ಆಕಳು, ಎರಡನೇ ಸೂಲು, ಕರು ಹಾಕಿ 40 ದಿನ. ಚೆನ್ನಾಗಿದ್ದಾಗ ಬೆಳಿಗ್ಗೆ 6, ಸಂಜೆ 5 ಲೀಟರ್ ಕೊಡುತ್ತಿತ್ತು. ಫೆಬ್ರುವರಿ 3, ಸೋಮವಾರ ಬೆಳಿಗ್ಗೆ ಬಲಗಡೆಯ ಹಿಂದಿನ ಮೊಲೆಯಿಂದ ಮೊದಲ ಸೆಳೆ ಹಿಂಡಿದಾಗ ಮೊಸರಿನ ಚೂರಿನಂಥ ಗರಣೆ ಬಂತು. ಆ ಭಾಗ ಊದಿ ಬಿಸಿಯಾಗಿತ್ತು, ಕೈಯಿಟ್ಟರೆ ಆಕಳು ಒದೆಯುತ್ತಿತ್ತು. ಸಂಜೆ ಪಶುವೈದ್ಯರು ಬಂದು ಆ ಮೊಲೆಯನ್ನು ಪೂರ್ತಿ ಹಿಂಡಿ ಖಾಲಿ ಮಾಡಿಸಿ, ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಪ್ರೊಕೇನ್ ಪೆನಿಸಿಲಿನ್ 300 ಮಿಲಿಗ್ರಾಂ ಇರುವ ಒಂದು ಟ್ಯೂಬ್ ಏರಿಸಿದರು. ಆಗ ಸಂಜೆ 6 ಗಂಟೆ. ನೋವು, ಬಾವು ಇಳಿಯಲು ಮೆಲಾಕ್ಸಿಕಾಂ ಇಂಜೆಕ್ಷನ್ ಒಂದು ಸಲ ಕೊಟ್ಟರು. ಮಂಗಳವಾರ, ಬುಧವಾರ ಸಂಜೆ 6ಕ್ಕೆ ಇನ್ನೊಂದೊಂದು ಟ್ಯೂಬ್. ದಿನಕ್ಕೊಂದರಂತೆ ಮೂರು, ಪೊಟ್ಟಣದ ಮೇಲೆ ಬರೆದಿದ್ದ ಹಾಗೇ. ಹಾಲಿಗೆ 72 ಗಂಟೆ ಎಂದು ಪೊಟ್ಟಣದಲ್ಲಿತ್ತು. ವೈದ್ಯರು ಚೀಟಿಯಲ್ಲಿ "ಕೊನೆಯ ಟ್ಯೂಬ್ ಆದ ಮೇಲೆ 3 ದಿನ ಹಾಲು ಬೇಡ" ಎಂದು ಬರೆದುಕೊಟ್ಟರು.

ಗುರುವಾರದ ಹೊತ್ತಿಗೆ ಗರಣೆ ನಿಂತು ಹಾಲು ಬೆಳ್ಳಗೆ ಬರುತ್ತಿತ್ತು. ಆದರೆ ಕೆಚ್ಚಲಿನ ಆ ಭಾಗ ಇನ್ನೂ ಗಟ್ಟಿಯಾಗಿತ್ತು. ರೋಗಾಣು ಹೋದ ಮೇಲೂ ಬಾವಿನ ಗಟ್ಟಿತನ ಕರಗಲು ಎಷ್ಟೋ ದಿನ ಹಿಡಿಯುತ್ತದೆ. ಹಾಲು ತಿಳಿಯಾಗಿ ಆಕಳು ಮೇವು ತಿನ್ನುತ್ತಿದ್ದರೆ, ಗಟ್ಟಿ ಇದೆ ಎಂಬ ಒಂದೇ ಕಾರಣಕ್ಕೆ ಟ್ಯೂಬ್ ಮುಂದುವರಿಸಬೇಕಿಲ್ಲ. ಮನೆಯವರಿಗೆ ಇದು ಗೊತ್ತಿರಲಿಲ್ಲ. ಔಷಧ ಅಂಗಡಿಯ ಕಡೆಯಿಂದ ಬಂದ ಒಬ್ಬರು ಅದೇ ಟ್ಯೂಬನ್ನು ಗುರುವಾರ ಸಂಜೆ 6ಕ್ಕೆ ಒಂದು, ಶುಕ್ರವಾರ ಬೆಳಿಗ್ಗೆ 6ಕ್ಕೆ ಇನ್ನೊಂದು ಹಾಕಿ ಹೋದರು. ಹಾಲಿನ ವಿಷಯ ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಮನೆಯವರ ಕೈಯಲ್ಲಿದ್ದದ್ದು ವೈದ್ಯರ ಹಳೆಯ ಚೀಟಿ. ಅದರ ಪ್ರಕಾರ ಬುಧವಾರ ಸಂಜೆಯಿಂದ ಮೂರು ದಿನ ಎಣಿಸಿ, ಭಾನುವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿದರು. ನಿಜದ ಕೊನೆಯ ಟ್ಯೂಬ್ ಆಗಿ ಅವತ್ತಿಗೆ ಸರಿಯಾಗಿ 48 ಗಂಟೆ.

ಗಡಿಯಾರ ಶುರುವಾಗುವುದು ಎಲ್ಲಿಂದ

ವಿತ್‌ಡ್ರಾಯಲ್ ಪೀರಿಯಡ್ ಎಂದರೆ ಕಾಯುವ ಅವಧಿ. ಔಷಧದ ಕೊನೆಯ ಡೋಸ್ ಒಳಗೆ ಹೋದ ಹೊತ್ತಿನಿಂದ ಹಾಲಿನಲ್ಲೋ ಮಾಂಸದಲ್ಲೋ ಅದರ ಉಳಿಕೆ ಸುರಕ್ಷಿತ ಮಿತಿಗಿಂತ ಕೆಳಗೆ ಇಳಿಯುವ ತನಕದ ಸಮಯ. ಎಣಿಕೆ ಶುರುವಾಗುವುದು ಮೊದಲ ಡೋಸಿನಿಂದಲ್ಲ, ಆಕಳು ಚೇತರಿಸಿಕೊಂಡ ದಿನದಿಂದಲೂ ಅಲ್ಲ. ಮಧ್ಯೆ ಇನ್ನೊಂದು ಡೋಸ್ ಬಿದ್ದರೆ ಹಿಂದಿನ ಎಣಿಕೆ ಅಳಿಸಿಹೋಗುತ್ತದೆ, ಮತ್ತೆ ಸೊನ್ನೆಯಿಂದ ಶುರು.

ಇದನ್ನು ದಿನದಲ್ಲಿ ಹೇಳುವುದರಲ್ಲೇ ಒಂದು ತೊಡಕಿದೆ. "ಮೂರು ದಿನ" ಎಂದರೆ ಒಬ್ಬರು ಬುಧ, ಗುರು, ಶುಕ್ರ ಎನ್ನುತ್ತಾರೆ, ಇನ್ನೊಬ್ಬರು ಗುರುವಾರದಿಂದ ಎಣಿಸುತ್ತಾರೆ. ಬುಧವಾರ ಸಂಜೆ 6ರ ಟ್ಯೂಬ್ ಎಂದರೆ 72 ಗಂಟೆ ತುಂಬುವುದು ಶನಿವಾರ ಸಂಜೆ 6ಕ್ಕೆ. ಶನಿವಾರ ಸಂಜೆ ಐದೂವರೆಗೆ ಹಿಂಡಿದ ಹಾಲು ಇನ್ನೂ ಅವಧಿಯ ಒಳಗಿನದು. ಆ ಹೊತ್ತಿನ ಹಾಲನ್ನೂ ಬಿಟ್ಟು ಭಾನುವಾರ ಬೆಳಿಗ್ಗೆಯಿಂದ ಹಾಕುವುದೇ ನೆಟ್ಟಗಿನ ದಾರಿ. ಅಷ್ಟರ ಮಟ್ಟಿಗೆ ಈ ಮನೆಯವರ ಲೆಕ್ಕ ಸರಿಯಾಗಿತ್ತು ಎಂಬುದನ್ನು ಹೇಳಲೇಬೇಕು. ಅವರು ಮೋಸ ಮಾಡಲಿಲ್ಲ, ತಪ್ಪಾದ ಟ್ಯೂಬಿನಿಂದ ಎಣಿಸಿದರು.

ಹಾಗಾದರೆ ಶುಕ್ರವಾರ ಬೆಳಿಗ್ಗೆಯಿಂದ 72 ಗಂಟೆ ಎಣಿಸಿ ಸೋಮವಾರ ಬೆಳಿಗ್ಗೆ ಹಾಕಿದ್ದರೆ ಸರಿಹೋಗುತ್ತಿತ್ತೇ? ಅದೂ ಇಲ್ಲ. 72 ಗಂಟೆ ಎಂಬ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ಇಂಥ ಔಷಧ, ಇಷ್ಟು ಪ್ರಮಾಣ, 24 ಗಂಟೆಗೊಮ್ಮೆ, ಒಟ್ಟು ಮೂರು ಸಲ ಎಂದು ಕೊಟ್ಟು, ಹಾಲನ್ನು ಪರೀಕ್ಷಿಸಿ ಹಾಕಿದ ಅಂಕಿ ಅದು. ಐದು ಟ್ಯೂಬ್ ಹಾಕಿದರೆ, ಅದರಲ್ಲೂ ಕೊನೆಯ ಎರಡನ್ನು 12 ಗಂಟೆಯ ಅಂತರದಲ್ಲಿ ಹಾಕಿದರೆ, ಆ ಪರೀಕ್ಷೆಗೂ ಈ ಆಕಳಿಗೂ ಸಂಬಂಧವೇ ಉಳಿಯುವುದಿಲ್ಲ. ಪೊಟ್ಟಣದ ಮಾತು ಪೊಟ್ಟಣದ ಕ್ರಮಕ್ಕೆ ಮಾತ್ರ.

ಆಗ ಹಿಡಿಯಬೇಕಾದ ಊರುಗೋಲು ಕಾನೂನಿನಲ್ಲೇ ಒಂದಿದೆ. 2012ರ ಜನವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಿಗೆ ತಿದ್ದುಪಡಿ ತಂದು, ಆಹಾರ ಕೊಡುವ ಪ್ರಾಣಿಗಳ ಔಷಧದ ಮೇಲೆ ಕಾಯುವ ಅವಧಿಯನ್ನು ನಮೂದಿಸಲೇಬೇಕು ಎಂದಿತು. ಪರೀಕ್ಷೆಯಿಂದ ಖಚಿತಪಟ್ಟ ಅವಧಿ ಇಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ 7 ದಿನಕ್ಕೆ ಕಡಿಮೆ ಇಲ್ಲ, ಕೋಳಿ ಮತ್ತು ಸಸ್ತನಿಗಳ ಮಾಂಸಕ್ಕೆ, ಕೊಬ್ಬು, ಯಕೃತ್ತು, ಮೂತ್ರಪಿಂಡ ಸೇರಿ, 28 ದಿನಕ್ಕೆ ಕಡಿಮೆ ಇಲ್ಲ ಎಂದೂ ಹೇಳಿತು. ಪೊಟ್ಟಣದ ಕ್ರಮ ಮೀರಿದ ಮೇಲೆ ಈ ಆಕಳು "ಖಚಿತಪಟ್ಟ ಅವಧಿ ಇಲ್ಲದ" ಸಾಲಿಗೇ ಬಂತು ಎಂದುಕೊಂಡು, ವೈದ್ಯರು 7 ದಿನವನ್ನು ಕನಿಷ್ಠ ಎಂದು ಹಿಡಿದರು. ಫೆಬ್ರುವರಿ 7, ಬೆಳಿಗ್ಗೆ 6ರಿಂದ ಏಳು ದಿನ, ಅಂದರೆ 14ರ ಬೆಳಿಗ್ಗೆ 6. ಅವತ್ತಿನ ಹಾಲನ್ನೂ ಪಟ್ಟಿಯಲ್ಲಿ ನೋಡಿದ ಮೇಲೆಯೇ ಡೇರಿಗೆ. ಮೆಲಾಕ್ಸಿಕಾಂಗೂ ತನ್ನದೇ ಕಾಯುವ ಅವಧಿ ಇದೆ. ಆಂಟಿಬಯೋಟಿಕ್ ಅಲ್ಲ ಎಂದು ಅದನ್ನು ಮರೆಯುವವರೇ ಹೆಚ್ಚು. ಎರಡು ಔಷಧ ಕೊಟ್ಟಾಗ ಯಾವುದರದು ತಡವಾಗಿ ಮುಗಿಯುತ್ತದೋ ಅದೇ ಲೆಕ್ಕ. ಇಲ್ಲಿ ಅದು 14ರೊಳಗೇ ಮುಗಿದಿತ್ತು.

ನಾಲ್ಕು ಲೀಟರ್ ಹಾಲು ಆರು ನೂರು ಲೀಟರನ್ನು ಹೇಗೆ ಕೆಡಿಸಿತು

ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿ ಹಾಲಿನಲ್ಲಿ ಪೆನಿಸಿಲಿನ್‌ಗೆ ಇರುವ ಮಿತಿ ಲೀಟರ್‌ಗೆ 4 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಹಾಗಾಗಿ ಒಂದೇ ಒಂದು ಮಿಲಿಗ್ರಾಂ ಪೆನಿಸಿಲಿನ್ 250 ಲೀಟರ್ ಹಾಲನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. 600 ಲೀಟರ್‌ಗೆ 2.4 ಮಿಲಿಗ್ರಾಂ ಸಾಕು.

ಈ ಆಕಳಿನ ಕೆಚ್ಚಲಿಗೆ ಐದು ಟ್ಯೂಬಿನಲ್ಲಿ ಹೋದದ್ದು 1500 ಮಿಲಿಗ್ರಾಂ. ಭಾನುವಾರ ಬೆಳಿಗ್ಗೆ ಹಿಂಡಿದ್ದು ಕೊನೆಯ ಟ್ಯೂಬ್ ಆದ ಮೇಲಿನ ನಾಲ್ಕನೇ ಹಿಂಡು. ಮೊದಲ ಮೂರು ಹಿಂಡಿನಲ್ಲಿ ಬಹುಪಾಲು ಔಷಧ ಹೊರಗೆ ಹೋಗಿದೆ ಎಂದೇ ಇಟ್ಟುಕೊಳ್ಳೋಣ. ಆದರೂ ನಾಲ್ಕನೇ ಹಿಂಡಿನ ಹಾಲಿನಲ್ಲಿ, ಒಂದೇ ಟ್ಯೂಬಿನ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿದಿದ್ದರೂ ಇಡೀ ಕೂಲರ್ ಮಿತಿ ಮುಟ್ಟುತ್ತದೆ. ಮನೆಯವರು "ಇಷ್ಟು ಹಾಲಿನ್ಯಾಗ ನಮ್ಮ ನಾಕು ಲೀಟರ್ ಏನ್ ಮಹಾ" ಎಂದರು. ಅವರ ನಾಲ್ಕು ಲೀಟರ್‌ನಲ್ಲಿ ಲೀಟರ್‌ಗೆ 600 ಮೈಕ್ರೋಗ್ರಾಂ ಇದ್ದರೆ ಸಾಕಿತ್ತು ಎಂಬುದೇ ಅದಕ್ಕೆ ಉತ್ತರ.

ಇನ್ನೊಂದು ವಿಷಯ ಈ ಲೆಕ್ಕದಲ್ಲಿ ಕಾಣುವುದಿಲ್ಲ. ಔಷಧ ಕೆಚ್ಚಲಿನಿಂದ ಹೊರಗೆ ಹೋಗುವ ಮುಖ್ಯ ದಾರಿಯೇ ಹಾಲು. ಈ ಆಕಳು 11 ಲೀಟರ್‌ನಿಂದ 8ಕ್ಕೆ ಇಳಿದಿತ್ತು. ಬಾವಾದ ಮೊಲೆಯಲ್ಲಿ ಹಾಲು ಇನ್ನೂ ಕಡಿಮೆ, ನೋವಿಗೆ ಆಕಳು ಸೊರಬಿಡದೆ ಒಳಗೇ ಒಂದಿಷ್ಟು ಉಳಿಯುತ್ತದೆ. "ಹೆಂಗೂ ಚೆಲ್ಲೋ ಹಾಲು, ಪೂರ್ತಿ ಯಾಕ ಹಿಂಡಬೇಕು" ಎಂದು ಅರ್ಧಕ್ಕೆ ಕೈ ಬಿಡುವುದೂ ಸಾಮಾನ್ಯ. ಹಾಗೆ ಬಿಟ್ಟರೆ ಔಷಧವೂ ಒಳಗೇ, ರೋಗಾಣುವೂ ಒಳಗೇ. ಚೆಲ್ಲುವ ಹಾಲನ್ನೇ ಹೆಚ್ಚು ಶ್ರದ್ಧೆಯಿಂದ ಹಿಂಡಬೇಕು, ಹನಿ ಉಳಿಯದಂತೆ.

ಮೂರು ಒಳ್ಳೆಯ ಮೊಲೆ, ಎರಡು ಬಟ್ಟಲು ಮೊಸರು

ವಿಚಾರಣೆ ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿತ್ತು. ಮಂಗಳವಾರದಿಂದಲೇ ಮನೆಯ ಸೊಸೆ ಬಾವಾದ ಮೊಲೆಯ ಹಾಲನ್ನು ಬೇರೆ ಹಿಂಡಿ ಚೆಲ್ಲಿ, ಉಳಿದ ಮೂರು ಮೊಲೆಯ ಹಾಲನ್ನು ಮನೆಗೆ ಇಟ್ಟುಕೊಂಡಿದ್ದರು. ಒಂದಿಷ್ಟು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೂ ಹೋಗಿತ್ತು. ಔಷಧ ಹಾಕಿದ್ದು ಒಂದು ಮೊಲೆಗೆ ತಾನೆ, ಉಳಿದ ಮೂರು ಏನು ಪಾಪ ಮಾಡಿವೆ ಎಂಬ ತರ್ಕ. ಕೇಳಿದವರಿಗೆ ಯಾರಿಗಾದರೂ ಸರಿ ಎನಿಸುವಂಥದ್ದು.

ಕೆಚ್ಚಲಿನ ನಾಲ್ಕು ಭಾಗದ ಹಾಲು ಒಂದಕ್ಕೊಂದು ಬೆರೆಯುವುದಿಲ್ಲ, ನಡುವೆ ಗೋಡೆಯಿದೆ ಎಂಬುದು ನಿಜವೇ. ಆದರೆ ನಾಲ್ಕಕ್ಕೂ ರಕ್ತ ಒಂದೇ. ಟ್ಯೂಬಿನ ಔಷಧದ ಒಂದು ಪಾಲು ಕೆಚ್ಚಲಿನಿಂದ ರಕ್ತಕ್ಕೆ ಇಳಿಯುತ್ತದೆ, ರಕ್ತ ಸುತ್ತಿ ಬಂದು ಉಳಿದ ಮೂರು ಭಾಗಕ್ಕೂ ಅದನ್ನು ತಲುಪಿಸುತ್ತದೆ. ಬಾವಾದ ಕೆಚ್ಚಲಿನಲ್ಲಂತೂ ಹಾಲಿಗೂ ರಕ್ತಕ್ಕೂ ನಡುವಿನ ತಡೆ ಸಡಿಲಾಗಿರುತ್ತದೆ. ಆ ಮೂರು ಮೊಲೆಯಲ್ಲಿ ಸಿಗುವ ಪ್ರಮಾಣ ಕಡಿಮೆಯೇ. ಆದರೆ ಮಿತಿ ಲೀಟರ್‌ಗೆ 4 ಮೈಕ್ರೋಗ್ರಾಂ ಎಂಬುದನ್ನು ಮರೆಯುವಂತಿಲ್ಲ. ಅದರ ಮೇಲೆ ಅದೇ ಕೈ, ಅದೇ ಚರಿಗೆ. ಬಾವಾದ ಮೊಲೆ ಹಿಂಡಿದ ಕೈಯ ಒಂದು ಹನಿಯೂ ಲೆಕ್ಕಕ್ಕೆ ಬರುವಷ್ಟು ಸಣ್ಣ ಅಂಕಿ ಇದು. ಒಂದು ಮೊಲೆಗೆ ಹಾಕಿದರೂ ನಾಲ್ಕು ಮೊಲೆಯ ಹಾಲನ್ನೂ ಬಿಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಮನೆಯಲ್ಲಿ ಸುಳಿವು ಸಿಕ್ಕಿಯೂ ಇತ್ತು. ಮಂಗಳವಾರ ರಾತ್ರಿ ಹಾಕಿದ ಹೆಪ್ಪು ಬುಧವಾರ ಬೆಳಿಗ್ಗೆಗೂ ಕೂಡಿರಲಿಲ್ಲ. ಹಾಲು ಹಾಲಾಗಿಯೇ ಇತ್ತು, ಹುಳಿಯ ವಾಸನೆಯೂ ಇಲ್ಲ. "ಥಂಡಿಗೆ ಹೆಪ್ಪು ಕೂಡಿಲ್ಲ ಅನ್ಕೊಂಡ್ವಿ" ಎಂದರು ಸೊಸೆ. ಮೊಸರು ಮಾಡುವ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಬಹಳ ಬೇಗ ಮಣಿಯುತ್ತವೆ. ಕೆಚ್ಚಲಿನ ರೋಗಾಣುವನ್ನು ಕೊಲ್ಲುವ ಔಷಧಕ್ಕೆ ಹೆಪ್ಪಿನ ಬ್ಯಾಕ್ಟೀರಿಯಾ ಸ್ನೇಹಿತ ಎಂದೇನೂ ಗೊತ್ತಾಗುವುದಿಲ್ಲವಲ್ಲ.

ಅನುಮಾನ ಬಂದರೆ ಮನೆಯಲ್ಲೇ ಹೀಗೆ ನೋಡಬಹುದು. ಎರಡು ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ಅನುಮಾನದ ಹಾಲು ಒಂದು ಲೋಟ, ಇನ್ನೊಂದರಲ್ಲಿ ಔಷಧ ಮುಟ್ಟದ ಬೇರೆ ದನದ ಹಾಲು ಒಂದು ಲೋಟ. ಎರಡನ್ನೂ ಕಾಯಿಸಿ, ಬೆರಳಿಟ್ಟರೆ ಬೆಚ್ಚಗೆ ಎನಿಸುವಷ್ಟು ಆರಿಸಿ, ಒಂದೇ ಹೆಪ್ಪಿನಿಂದ ಅರ್ಧರ್ಧ ಚಮಚ ಹಾಕಿ ಪಕ್ಕಪಕ್ಕ ಮುಚ್ಚಿಡಿ. ಬೆಳಿಗ್ಗೆ ಎರಡೂ ಕೂಡದಿದ್ದರೆ ತಪ್ಪು ಥಂಡಿಯದೋ ಹೆಪ್ಪಿನದೋ ಆಗಿರುತ್ತದೆ. ಬೇರೆ ದನದ ಹಾಲು ಕೆನೆಗಟ್ಟಿ ಕೂತು, ಅನುಮಾನದ ಹಾಲು ಬಟ್ಟಲು ಓರೆ ಮಾಡಿದರೆ ನೀರಿನಂತೆ ಹರಿದರೆ ಆ ಹಾಲಿನಲ್ಲಿ ಏನೋ ಇದೆ.

ಆದರೆ ಇದರ ತಿರುವು ತಪ್ಪಾಗಿ ಓದಬಾರದು. ಮೊಸರು ಕೂಡಿತು, ಅಂದರೆ ಹಾಲು ಶುದ್ಧ ಎಂದು ಹೇಳಲು ಬರುವುದಿಲ್ಲ. ಪೆನಿಸಿಲಿನ್‌ಗೆ ಸೋಲುವ ಹೆಪ್ಪು ಬೇರೆ ಕೆಲವು ಔಷಧಗಳನ್ನು ಮಿತಿ ಮೀರಿದ ಪ್ರಮಾಣದಲ್ಲೂ ತಡೆದುಕೊಳ್ಳುತ್ತದೆ. ಸಲ್ಫಾ ಔಷಧ ಇದ್ದ ಹಾಲು ಚೆಂದದ ಮೊಸರೇ ಆಗಬಹುದು. ಡೇರಿಯ ಪಟ್ಟಿಗೂ ಇದೇ ಮಾತು: ಅದು ಯಾವ ಗುಂಪಿನ ಔಷಧ ಹುಡುಕುವ ಪಟ್ಟಿಯೋ ಅದನ್ನಷ್ಟೇ ಹೇಳುತ್ತದೆ. ಪೆನಿಸಿಲಿನ್ ಪಟ್ಟಿಯಲ್ಲಿ ಪಾಸಾದ ಹಾಲಿನಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಇದ್ದರೆ ಅದಕ್ಕೆ ತಿಳಿಯುವುದೇ ಇಲ್ಲ. ಪರೀಕ್ಷೆ ಅವಧಿಯ ಜೊತೆಗೆ ಇರಬೇಕಾದದ್ದು, ಅವಧಿಯ ಬದಲಿಗೆ ಅಲ್ಲ.

ಕುದಿಸಿದರೆ ಹೋಗುತ್ತದೆ ಎಂಬ ನಂಬಿಕೆ ಚಹಾದಂಗಡಿಯವರಲ್ಲೂ ಇತ್ತು. ಒಂದು ಉಕ್ಕು ಬರಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಪೆನಿಸಿಲಿನ್‌ನ ಬಹುಪಾಲು ಹಾಗೇ ಉಳಿಯುತ್ತದೆ. ಪೆನಿಸಿಲಿನ್ ಒಗ್ಗದ ಮನುಷ್ಯನಿಗೆ ತುರಿಕೆ, ಗಂಧೆ ಏಳಲು ಹಾಲಿನ ಮೂಲಕ ಬಂದ ಔಷಧವೂ ಸಾಕಾಗಬಹುದು. ಆತ ಚಹಾ ಕುಡಿದದ್ದಕ್ಕೂ ಮೈ ಕೆರೆದದ್ದಕ್ಕೂ ಸಂಬಂಧ ಕಟ್ಟುವವರು ಯಾರು?

ಚೆಲ್ಲುವುದು ಎಲ್ಲಿ

ಹಾಲು ಚೆಲ್ಲುವುದೆಂದರೆ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಅದು ಕರುವಿನ ಬಾಯಿಗೆ ಹೋಗುತ್ತದೆ. ಈ ಮನೆಯಲ್ಲೂ 40 ದಿನದ ಕರುವನ್ನು ಮೊಲೆಗೆ ಬಿಡುತ್ತಿದ್ದರು. ಸಣ್ಣ ಪ್ರಮಾಣದ ಔಷಧ ದಿನವೂ ಕರುವಿನ ಕರುಳಿಗೆ ಹೋದರೆ ಅಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು ಬೆಳೆಯುತ್ತವೆ, ಸಗಣಿಯ ಮೂಲಕ ಇಡೀ ಹಟ್ಟಿಗೆ ಹರಡುತ್ತವೆ. ನಾಳೆ ಅದೇ ಕರುವಿಗೆ ಭೇದಿ ಹತ್ತಿದಾಗ ಔಷಧ ನಾಟುವುದಿಲ್ಲ. ಬಾವಾದ ಮೊಲೆಯ ಹಾಲಿನಲ್ಲಂತೂ ರೋಗಾಣುವೂ ಇರುತ್ತದೆ. ಕರುವಿಗೆ ಬೇರೆ ಆಕಳಿನ ಹಾಲು ಕೊಡಬೇಕು, ನಾಯಿ ಬೆಕ್ಕಿಗೂ ಈ ಹಾಲು ಹಾಕಬಾರದು.

ಬಚ್ಚಲಿಗೆ, ಕಾಲುವೆಗೆ, ಬೋರ್‌ವೆಲ್ ಹತ್ತಿರ ಸುರಿಯುವುದೂ ಬೇಡ. ನೀರಿನ ಮೂಲದಿಂದ ದೂರ, ದನ ಮೇಯದ ಕಡೆ ಮೊಣಕಾಲುದ್ದದ ಗುಂಡಿ ತೋಡಿ, ದಿನದ ಹಾಲು ಸುರಿದು ಮೇಲೆ ಒಣ ಮಣ್ಣು ಎಳೆದರೆ ಈ ಸೀಮೆಯ ಬಿಸಿಲಿಗೆ ವಾಸನೆಯೂ ಏಳುವುದಿಲ್ಲ. ದಿನಕ್ಕೆ 8 ಲೀಟರ್ ಇಂಗಿಸಲು ಅಷ್ಟು ಸಾಕು.

ಇಲ್ಲೇ ದುಡ್ಡಿನ ಲೆಕ್ಕವನ್ನೂ ಮುಗಿಸೋಣ. ಲೀಟರ್‌ಗೆ 35 ರೂಪಾಯಿ ಹಿಡಿದರೆ, ಮೂರು ಟ್ಯೂಬಿಗೇ ನಿಲ್ಲಿಸಿದ್ದರೆ 4ರ ಬೆಳಿಗ್ಗೆಯಿಂದ 8ರ ಸಂಜೆಯವರೆಗೆ ಐದು ದಿನದ 40 ಲೀಟರ್ ಹೋಗುತ್ತಿತ್ತು, ಅಂದರೆ 1,400 ರೂಪಾಯಿ. ಎರಡು ಹೆಚ್ಚುವರಿ ಟ್ಯೂಬಿನಿಂದ ಅದು 13ರ ಸಂಜೆಯವರೆಗೆ ಹತ್ತು ದಿನ, 80 ಲೀಟರ್, 2,800 ರೂಪಾಯಿ ಆಯಿತು. ಕೂಲರ್‌ನಲ್ಲಿ ಹೋದದ್ದು 600 ಲೀಟರ್, 21,000 ರೂಪಾಯಿ. ಅದು ಉಳಿದ 39 ಮನೆಗಳದ್ದೂ ಹೌದು.

ಅದೇ ಹಟ್ಟಿಯ ಟಗರು

ಗುರುವಾರ ಟ್ಯೂಬ್ ಹಾಕಲು ಬಂದವರಿಗೆ ಮನೆಯವರು ಹಟ್ಟಿಯ ಟಗರನ್ನೂ ತೋರಿಸಿದ್ದರು. ಕೆಮ್ಮು, ಮೂಗಲ್ಲಿ ಸಿಂಬಳ, ತೂಕ ಅಂದಾಜು 40 ಕೆ.ಜಿ. ಅವರು ಆಕ್ಸಿಟೆಟ್ರಾಸೈಕ್ಲಿನ್‌ನ ನಿಧಾನವಾಗಿ ಕರಗುವ ಇಂಜೆಕ್ಷನ್ ಕೊಟ್ಟರು. ಕೆ.ಜಿ.ಗೆ 20 ಮಿಲಿಗ್ರಾಂ ಲೆಕ್ಕದಲ್ಲಿ 800 ಮಿಲಿಗ್ರಾಂ, ಮಿಲಿಲೀಟರ್‌ಗೆ 200 ಮಿಲಿಗ್ರಾಂ ಇರುವ ಬಾಟಲಿಯಿಂದ 4 ಮಿಲಿಲೀಟರ್. ಡೋಸಿನಲ್ಲಿ ತಪ್ಪಿಲ್ಲ. ಕೊಟ್ಟದ್ದು ಹಿಂದಿನ ತೊಡೆಗೆ. ಟಗರನ್ನು ಫೆಬ್ರುವರಿ 18ರ ದ್ಯಾಮವ್ವನ ಜಾತ್ರೆಗೆಂದು ಆಗಲೇ ಒಬ್ಬರಿಗೆ ಮಾತು ಕೊಟ್ಟಿದ್ದರು. ಇಂಜೆಕ್ಷನ್ ಆಗಿ ಅವತ್ತಿಗೆ 12 ದಿನ. ಹಾಲಿನ ವಿಚಾರಣೆ ನಡೆಯದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಲಿಗೆ ಪಟ್ಟಿ ಹಾಕುವವರಿದ್ದಾರೆ, ಹಳ್ಳಿಯ ಜಾತ್ರೆಯ ಮಾಂಸಕ್ಕೆ ಪಟ್ಟಿ ಹಾಕುವವರು ಯಾರೂ ಇಲ್ಲ.

ಹಾಲಿಗೆ 7 ದಿನ, ಮಾಂಸಕ್ಕೆ 28 ದಿನ ಯಾಕೆ ಎಂಬುದು ಈ ಟಗರಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೆಚ್ಚಲನ್ನು ದಿನಕ್ಕೆರಡು ಸಲ ಖಾಲಿ ಮಾಡುತ್ತೇವೆ. ಮಾಂಸವನ್ನು ಹಾಗೆ ಹಿಂಡಲು ಬರುವುದಿಲ್ಲ, ಔಷಧ ತಾನಾಗಿಯೇ ರಕ್ತಕ್ಕೆ ಇಳಿದು, ಯಕೃತ್ತು, ಮೂತ್ರಪಿಂಡದ ಮೂಲಕ ಹೋಗಬೇಕು. ಅದಕ್ಕೇ ಆ ಎರಡು ಅಂಗಗಳಲ್ಲಿ ಉಳಿಕೆ ಹೆಚ್ಚು. ಕೋಡೆಕ್ಸ್ ಮಿತಿಯೂ ಅದನ್ನೇ ಹೇಳುತ್ತದೆ: ಆಕ್ಸಿಟೆಟ್ರಾಸೈಕ್ಲಿನ್‌ಗೆ ಮಾಂಸದಲ್ಲಿ ಕೆ.ಜಿ.ಗೆ 200 ಮೈಕ್ರೋಗ್ರಾಂ, ಯಕೃತ್ತಿನಲ್ಲಿ 600, ಮೂತ್ರಪಿಂಡದಲ್ಲಿ 1200.

ಎಲ್ಲಕ್ಕಿಂತ ಕೆಟ್ಟ ಜಾಗ ಸೂಜಿ ಚುಚ್ಚಿದ ಜಾಗ. ನಿಧಾನವಾಗಿ ಕರಗುವ ಔಷಧ ಎಂದರೆ ಅದು ತೊಡೆಯೊಳಗೆ ಗಂಟಿನಂತೆ ಕೂತು ದಿನದಿನವೂ ಸ್ವಲ್ಪಸ್ವಲ್ಪ ಬಿಡುತ್ತದೆ. ಮತ್ತೆ ಮತ್ತೆ ಚುಚ್ಚುವುದು ತಪ್ಪುತ್ತದೆ ಎಂದು ಕುರಿಗಾರರು ಇದನ್ನು ಇಷ್ಟಪಡುವುದೂ ಅದಕ್ಕೇ. 12ನೇ ದಿನ ಆ ಜಾಗದಲ್ಲಿ 800 ಮಿಲಿಗ್ರಾಂನ ನೂರರಲ್ಲಿ ಒಂದು ಪಾಲು, 8 ಮಿಲಿಗ್ರಾಂ ಮಾತ್ರ ಉಳಿದಿದೆ ಎಂದುಕೊಳ್ಳಿ. ಆ ಜಾಗದ ಕಾಲು ಕೆ.ಜಿ.ಗೂ ಕಡಿಮೆ, 200 ಗ್ರಾಂ ತುಂಡು ಒಬ್ಬರ ತಟ್ಟೆಗೆ ಹೋಯಿತು. ಕೆ.ಜಿ. ಲೆಕ್ಕಕ್ಕೆ ತಂದರೆ ಅದು 40,000 ಮೈಕ್ರೋಗ್ರಾಂ, ಮಿತಿಯ 200 ಪಟ್ಟು. ಉಳಿದ ಮಾಂಸವೆಲ್ಲ ಮಿತಿಯೊಳಗೇ ಇದ್ದರೂ ಆ ಒಂದು ತಟ್ಟೆಯ ಕಥೆ ಇದು. ಇಂಜೆಕ್ಷನ್ ಅನ್ನು ತೊಡೆಗೆ ಕೊಡದೆ ಕುತ್ತಿಗೆಗೆ ಕೊಡಬೇಕು ಎನ್ನಲು ಇದೂ ಒಂದು ಕಾರಣ: ಬೆಲೆಬಾಳುವ ಮಾಂಸ ಕೆಡುವುದಿಲ್ಲ, ಗಂಟು ಉಳಿದರೂ ಕಣ್ಣಿಗೆ ಬೀಳುತ್ತದೆ.

ಟಗರಿಗೆ 28 ದಿನ ಹಿಡಿದರು. ಫೆಬ್ರುವರಿ 6ರಿಂದ ಎಣಿಸಿದರೆ ಮಾರ್ಚ್ 6. ಕೊಳ್ಳುವವರಿಗೆ ಸಿಟ್ಟು ಬಂತು, ಜಾತ್ರೆಗೆ ಬೇರೆ ಟಗರು ನೋಡಿಕೊಂಡರು. ಈ ಮನೆಯವರಿಗೆ ಅಡ್ವಾನ್ಸ್ ವಾಪಸ್ ಕೊಡಬೇಕಾಯಿತು. ಅದು ನಷ್ಟವೇ. ಮಾರುವ ದನ ಕುರಿಗೆ ಔಷಧ ಹಾಕಿಸುವ ಮುಂಚೆ "ಇದನ್ನ ಇಂಥ ದಿನ ಮಾರಬೇಕು" ಎಂದು ಹೇಳಿದ್ದರೆ ಕಡಿಮೆ ಅವಧಿಯ ಬೇರೆ ಔಷಧ ಸಾಧ್ಯವೇ ಎಂದಾದರೂ ವೈದ್ಯರು ನೋಡುತ್ತಿದ್ದರು.

ಆಮೇಲೆ

ಆ ಹಟ್ಟಿಯಲ್ಲಿ ಈಗ ಎರಡು ಗುರುತು ಇವೆ. ಔಷಧದಲ್ಲಿರುವ ಆಕಳಿನ ಹಿಂಗಾಲಿಗೆ ಕೆಂಪು ಬಟ್ಟೆ. ಹಿಂಡಲು ಕೂತವರು ಯಾರೇ ಆಗಲಿ, ಊರಿಗೆ ಬಂದ ಅಳಿಯನೇ ಆಗಲಿ, ಕಣ್ಣಿಗೆ ಮೊದಲು ಬೀಳುವುದು ಅದೇ ಕಾಲು. ಕೆಂಪು ಬಟ್ಟೆಯ ಆಕಳನ್ನು ಕೊನೆಗೆ ಹಿಂಡುತ್ತಾರೆ, ಬೇರೆ ಚರಿಗೆಯಲ್ಲಿ. ಕುರಿಗಳಿಗೆ ಹೇಗೂ ಗುರುತಿನ ಬಣ್ಣ ಹಚ್ಚುವ ರೂಢಿ ಇದ್ದೇ ಇದೆ. ಇಂಜೆಕ್ಷನ್ ಆದ ಕುರಿಗೆ ಬೆನ್ನ ಮೇಲೆ ಇನ್ನೊಂದು ಬಣ್ಣದ ಪಟ್ಟೆ.

ಡೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದಾರೆ. ಮನೆ, ದನ, ಔಷಧದ ಹೆಸರು ಪೊಟ್ಟಣದಲ್ಲಿದ್ದಂತೆ, ಕೊನೆಯ ಡೋಸಿನ ತಾರೀಖು ಮತ್ತು ಗಂಟೆ, ಹಾಲು ಹಾಕಬಹುದಾದ ಮೊದಲ ಹಿಂಡು. ವೈದ್ಯರೂ ಚೀಟಿಯ ಒಕ್ಕಣೆ ಬದಲಿಸಿದ್ದಾರೆ. "3 ದಿನ ಹಾಲು ಬೇಡ" ಎಂಬುದರ ಜಾಗದಲ್ಲಿ ಈಗ ಹೀಗೆ ಬರೆಯುತ್ತಾರೆ: "ಕೊನೆಯ ಟ್ಯೂಬ್: ಬುಧವಾರ ಸಂಜೆ 6. ಹಾಲು ಹಾಕುವುದು: ಭಾನುವಾರ ಬೆಳಿಗ್ಗೆ. ಮಧ್ಯೆ ಬೇರೆ ಯಾರು ಏನೇ ಔಷಧ ಹಾಕಿದರೂ ಈ ಚೀಟಿ ನಡೆಯುವುದಿಲ್ಲ."

ಫೆಬ್ರುವರಿ 14ರ ಬೆಳಿಗ್ಗೆ ನಾಲ್ಕೂ ಮೊಲೆಯ ಹಾಲು ಬೆರೆಸಿದ ಸ್ಯಾಂಪಲ್‌ಗೆ ಪಟ್ಟಿ ಹಾಕಿದಾಗ ಎರಡೂ ಗೆರೆ ಸಮನಾಗಿ ಮೂಡಿದವು. ಅವತ್ತು ಬಲಗಡೆಯ ಹಿಂದಿನ ಮೊಲೆಯ ಭಾಗ ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಯಾರೂ ಅದಕ್ಕೆ ಟ್ಯೂಬ್ ಹಾಕಲಿಲ್ಲ.